ಕಾಗದದ ಮೇಲೆ 23, ಪರದೆ ಮೇಲೆ 14: ಬ್ಯಾಂಕ್ ಕ್ಲರ್ಕ್ ಪ್ರಿಲಿಮ್ಸ್‌ನ ಗಣಿತ ವಿಭಾಗದಲ್ಲಿ ಏನು ತಪ್ಪುತ್ತಿದೆ?

ಸಪ್ತಾಪುರ_ಓದು (ಧಾರವಾಡ)

ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ಗೆ ತಯಾರಿ ನಡೆದಿದೆ. ಗಣಿತ ವಿಭಾಗ 35 ಪ್ರಶ್ನೆ, 20 ನಿಮಿಷ. ಮುದ್ರಿತ ಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿ ಮಾಡಿದರೆ 27 ಮಾಡಿ 23 ಸರಿ ಬರುತ್ತವೆ. ಅದೇ ಮಟ್ಟದ ಪತ್ರಿಕೆಯನ್ನು ಕಂಪ್ಯೂಟರ್‌ನಲ್ಲಿ ಮಾಡಿದರೆ 14 ಸರಿ. ಮೂರು ಸಲ ನೋಡಿದೆ, ಒಂದೆರಡು ಅಂಕ ಆಚೀಚೆ ಅಷ್ಟೇ. ಪ್ರಶ್ನೆಗಳನ್ನು ಕನ್ನಡದಲ್ಲಿ ಓದುತ್ತೇನೆ. ಓದಿದ್ದರಲ್ಲಿ ಕೊರತೆ ಇದ್ದರೆ ಕಾಗದದಲ್ಲೂ ಕಾಣಬೇಕಿತ್ತಲ್ಲ? ಎಲ್ಲಿ ಹುಡುಕಬೇಕು ಹೇಳಿ.

ಬ್ಯಾಡಗಿ_ಹುಡುಗ

ಪರದೆ ಮ್ಯಾಲ ಸ್ಪೀಡ್ ಬರಬೇಕಂದ್ರ ದಿನಾ ಅರ್ಧ ತಾಸು ಟೈಪಿಂಗ್ ಮಾಡ್ರಿ. ನಾ ನುಡಿ ಒಳಗ ಮಾಡ್ತೇನಿ, ಈಗ ಕೈ ಕುಂತೈತಿ.

ಗೋಕುಲರಸ್ತೆ (ಹುಬ್ಬಳ್ಳಿ)

ಬ್ಯಾಡಗಿ ತಮ್ಮಾ, ಅದು ಬೇರೆ ಪರೀಕ್ಷೆಯ ಮಾತು. ಈ ಪರೀಕ್ಷೆಯಲ್ಲಿ ಕೀಬೋರ್ಡ್ ಮುಟ್ಟುವ ಕೆಲಸವೇ ಇಲ್ಲ, ಎಲ್ಲ ಮೌಸ್‌ನಿಂದ. ಮುಟ್ಟಬಾರದು ಅಂತಲೇ ಸೂಚನೆ ಇರುತ್ತದೆ.

ಸಪ್ತಾಪುರದವರಿಗೆ ಮೊದಲು ಮೂರು ಪ್ರಶ್ನೆ. ಉತ್ತರ ಬಂದ ಮೇಲೆ ಮಾತಾಡೋಣ.

ಕೊನೆಯಲ್ಲಿ ಬರುವ ಲೆಕ್ಕದಲ್ಲಿ `Answered` ಎಷ್ಟು ಅಂತ ತೋರಿಸಿತು, ನಿಮ್ಮ ನೆನಪಿನಲ್ಲಿ ನೀವು ಗುರುತು ಹಾಕಿದ್ದು ಎಷ್ಟು? ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಹೋಗುವಾಗ ಯಾವ ಗುಂಡಿ ಒತ್ತುತ್ತೀರಿ? ಕೋಷ್ಟಕ ಕೊಟ್ಟು ಐದು ಪ್ರಶ್ನೆ ಕೇಳುವ ಗುಂಪು ಶುರು ಮಾಡಿದಾಗ ಟೈಮರ್ ಎಷ್ಟಿತ್ತು, ಮುಗಿದಾಗ ಎಷ್ಟಿತ್ತು?

ಸಪ್ತಾಪುರ_ಓದು

ಇವತ್ತು ಮತ್ತೊಮ್ಮೆ ಕೂತು ಬರೆದುಕೊಂಡೆ. `Answered` 19 ತೋರಿಸಿತು, ನಾನು ಗುರುತು ಹಾಕಿದ್ದು 23. ವ್ಯತ್ಯಾಸ ಆದವು 6, 13, 14 ಮತ್ತು 29. ಮುಂದಿನ ಪ್ರಶ್ನೆಗೆ `Save & Next`, ಮಧ್ಯ ಬಿಟ್ಟು ಹಾರುವಾಗ ಬಲಗಡೆ ಸಂಖ್ಯೆಗಳ ಮೇಲೆ ಒತ್ತುತ್ತೇನೆ. ಕೋಷ್ಟಕದ ಗುಂಪು 16ರಿಂದ 20. ಶುರುವಾದಾಗ 11:20 ಇತ್ತು, ಮುಗಿದಾಗ 4:50. ಅದರಲ್ಲಿ ಎರಡು ತಪ್ಪು.

ಗೋಕುಲರಸ್ತೆ

ಹಾಗಾದರೆ ನಾಲ್ಕು ಉತ್ತರ ಕಳೆದದ್ದು ಎಲ್ಲಿ ಅಂತ ಸಿಕ್ಕಿತು.

ಆಯ್ಕೆಯ ಮುಂದಿನ ದುಂಡು ಗುರುತಿನ ಮೇಲೆ ಒತ್ತಿದರೆ ಪರದೆ ಮೇಲೆ ಚುಕ್ಕೆ ಮೂಡುತ್ತದೆ, ಉತ್ತರ ಉಳಿಯುವುದಿಲ್ಲ. ಉಳಿಯುವುದು `Save & Next` ಒತ್ತಿದಾಗ, ಇಲ್ಲವೇ ಚುಕ್ಕೆ ಇರುವಾಗಲೇ `Mark for Review & Next` ಒತ್ತಿದಾಗ. ಬಲಗಡೆಯ ಸಂಖ್ಯೆ ಒತ್ತಿ ಹಾರಿದರೆ, ಆಗಷ್ಟೇ ಹಾಕಿದ ಚುಕ್ಕೆ ಅಲ್ಲೇ ಬಿದ್ದುಹೋಗುತ್ತದೆ. ಇದು ಯಂತ್ರದ ದೋಷ ಅಲ್ಲ. ಪರೀಕ್ಷೆಗೆ ಮುಂಚೆ ಬರುವ ಸೂಚನೆಯ ಪುಟದಲ್ಲೇ ಬರೆದಿರುತ್ತಾರೆ, ನಾವು ಕೆಳಗೆ ಜಾರಿಸಿ ಒಪ್ಪಿಗೆ ಒತ್ತಿ ಮುಂದೆ ಹೋಗಿರುತ್ತೇವೆ. ನಿಮ್ಮ 6, 13, 14, 29 ಪ್ರತಿಯೊಂದೂ ಚುಕ್ಕೆ ಹಾಕಿ ಹಾರಿದ ಜಾಗಗಳೇ ಇರಬೇಕು. ಈಗ ಅವುಗಳಿಗೆ ವಾಪಸ್ ಹೋಗಿ ನೋಡಿ, ಖಾಲಿ ಕಾಣುತ್ತವೆ.

ಇದರ ತಮ್ಮ ಇನ್ನೊಂದಿದೆ, ಅದು ಇನ್ನೂ ಕಣ್ಣಿಗೆ ಬೀಳದ್ದು. ಮೊದಲು ಎರಡನೇ ಆಯ್ಕೆ ಉಳಿಸಿದ್ದೀರಿ, ಸಂಖ್ಯೆ ಹಸಿರಾಗಿದೆ. ಆಮೇಲೆ ತಿರುಗಿ ಬಂದು ನಾಲ್ಕನೆಯದಕ್ಕೆ ಬದಲಿಸಿ, ಉಳಿಸದೆ ಹಾರಿದಿರಿ. ಸಂಖ್ಯೆ ಹಸಿರೇ ಇರುತ್ತದೆ, ಒಳಗಿರುವುದು ಹಳೆಯ ಉತ್ತರ. ಮೊದಲಿನ ಪ್ರಕಾರದಲ್ಲಿ ಲೆಕ್ಕ ತಾಳೆಯಾಗದೆ ಸಿಕ್ಕಿಬೀಳುತ್ತದೆ. ಇದರಲ್ಲಿ ಲೆಕ್ಕವೂ ತಾಳೆಯಾಗುತ್ತದೆ, ಅಂಕ ಮಾತ್ರ ಹೋಗುತ್ತದೆ. ಮೇಲಾಗಿ ತಪ್ಪಿಗೆ ಕಾಲು ಅಂಕ ಕಡಿತ.

ನಾಳೆ ಹತ್ತು ನಿಮಿಷ ಲೆಕ್ಕ ಬಿಡಿಸದೆ ಬರೀ ಗುಂಡಿಯ ಅಭ್ಯಾಸ ಮಾಡಿ. ಅಧಿಕೃತ ಅಣಕು ಪರೀಕ್ಷೆ ತೆಗೆದು 1ರಲ್ಲಿ ಚುಕ್ಕೆ ಹಾಕಿ ಉಳಿಸಿ, 2ರಲ್ಲಿ ಚುಕ್ಕೆ ಹಾಕಿ ಉಳಿಸದೆ 7ಕ್ಕೆ ಹಾರಿ, 7ನ್ನು ಚುಕ್ಕೆ ಇಲ್ಲದೆ ರಿವ್ಯೂಗೆ ಇಡಿ, 8ನ್ನು ಚುಕ್ಕೆ ಸಮೇತ. ಪ್ರತಿ ಸಲ ಬಲಗಡೆ ಯಾವ ಬಣ್ಣ ಆಯಿತು ನೋಡಿ. ಕೈ ತಾನಾಗಿ `Save & Next` ಕಡೆ ಹೋಗುವವರೆಗೆ ಮಾಡಿ. ಹಾರಬೇಕಿದ್ದರೂ ಮೊದಲು ಅದನ್ನು ಒತ್ತಿ, ಆಮೇಲೆ ಸಂಖ್ಯೆ ಒತ್ತುವ ಅಭ್ಯಾಸ ಆಗಬೇಕು.

ನರಗುಂದ_ನೋಟ್ಸ್

ಒಂದು ಸೇರಸ್ತೇನಿ. ರಿವ್ಯೂಗೆ ಹಾಕಿದ್ದು ಲೆಕ್ಕಕ್ಕ ಬರಂಗಿಲ್ಲ. ಅದಕ್ಕ ಆ ನೇರಳೆ ಗುಂಡಿ ಮುಟ್ಟಲೇಬ್ಯಾಡ್ರಿ, ನಮ್ಮ ಸರ್ ಹಂಗ ಹೇಳ್ಯಾರ.

ಗೋಕುಲರಸ್ತೆ

ಅರ್ಧ ಸರಿ. ಚುಕ್ಕೆ ಇಲ್ಲದೆ ರಿವ್ಯೂಗೆ ಹಾಕಿದ್ದು ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ಉತ್ತರವೇ ಇಲ್ಲವಲ್ಲ. ಚುಕ್ಕೆ ಸಮೇತ ಹಾಕಿದ್ದು ಬರುತ್ತದೆ. ಐಬಿಪಿಎಸ್ ಸೂಚನೆಯಲ್ಲಿ ಅದು ಸ್ಪಷ್ಟವಾಗಿದೆ. ಬೇರೆ ಪರೀಕ್ಷೆ ಬರೆಯುವವರು ಆಯಾ ಪರೀಕ್ಷೆಯ ಸೂಚನೆಯಲ್ಲೇ ಇದೊಂದು ಸಾಲು ಹುಡುಕಿ ಓದಿಕೊಳ್ಳಬೇಕು.

ನಿಮ್ಮ ಸರ್ ಹೇಳಿದ್ದಕ್ಕೆ ಇನ್ನೊಂದು ಅಪಾಯವೂ ಇದೆ. "ಆಮೇಲೆ ನೋಡೋಣ" ಅಂತ ಸುಮ್ಮನೆ ಒಂದು ಚುಕ್ಕೆ ಹಾಕಿ ರಿವ್ಯೂಗೆ ಇಟ್ಟು, ಲೆಕ್ಕಕ್ಕೆ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ವಾಪಸ್ ಬರದೇ ಹೋದರೆ, ಅದು ತಪ್ಪು ಉತ್ತರವಾಗಿ ಕಾಲು ಅಂಕ ತೆಗೆದುಕೊಂಡು ಹೋಗಬಹುದು.

ಅಕ್ಕ_ಹಾವೇರಿ

ಇಲ್ಲಿ ಒಂದು ಲೆಕ್ಕ ಹೇಳಬೇಕು, ಇದರ ಮೇಲೆಯೇ ಗುರುತಿಡುವ ರೀತಿ ನಿಂತಿದೆ. ಐದು ಆಯ್ಕೆ, ತಪ್ಪಿಗೆ ಕಾಲು ಅಂಕ. ಏನೂ ತಿಳಿಯದೆ ಚುಕ್ಕೆ ಹಾಕಿದರೆ ಐದರಲ್ಲಿ ಒಂದು ಸಲ 1 ಅಂಕ ಬರುತ್ತದೆ, ನಾಲ್ಕು ಸಲ ಕಾಲು ಕಾಲು ಹೋಗಿ ಒಟ್ಟು 1 ಅಂಕ ಹೋಗುತ್ತದೆ. ಲಾಭವೂ ಇಲ್ಲ ನಷ್ಟವೂ ಇಲ್ಲ. ಆದರೆ ಒಂದು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಾದರೂ ಸರಾಸರಿ ನಿಮ್ಮ ಕಡೆ ವಾಲುತ್ತದೆ. ಎರಡೇ ಉಳಿದಿದ್ದರೆ ಒಳ್ಳೆಯ ಲಾಭ.

ಹಾಗಾಗಿ ನಾನು ಕಲಿಸುವಾಗ ಹೀಗೆ ಹೇಳುತ್ತೇನೆ. ಎರಡು ಮೂರು ಆಯ್ಕೆಗೆ ಇಳಿದಿದ್ದರೆ ಚುಕ್ಕೆ ಹಾಕಿಯೇ ರಿವ್ಯೂಗೆ ಇಡಿ, ವಾಪಸ್ ಬರಲು ಆಗದಿದ್ದರೂ ನಷ್ಟವಿಲ್ಲ. ದಾರಿ ಗೊತ್ತು, ಲೆಕ್ಕ ಉದ್ದ ಅಂತಿದ್ದರೆ ಚುಕ್ಕೆ ಇಲ್ಲದೆ ರಿವ್ಯೂಗೆ ಇಡಿ. ದಾರಿಯೇ ಹೊಳೆಯದ್ದಕ್ಕೆ ಯಾವ ಗುರುತೂ ಬೇಡ, ಬಿಟ್ಟು ಮುಂದೆ ಹೋಗಿ. ಆಗ ಕೊನೆಗೆ ನೇರಳೆ ಬಣ್ಣ ನೋಡಿದ ಕೂಡಲೇ ಎಲ್ಲಿ ಹೋದರೆ ಕೆಲಸ ಆಗುತ್ತದೆ ಅಂತ ತಿಳಿಯುತ್ತದೆ. ತಿಳಿಯದ್ದಕ್ಕೆಲ್ಲ ಗುರುತು ಹಾಕಿದರೆ ಪಟ್ಟಿ ತುಂಬ ನೇರಳೆ, ಕೊನೆಯ ಎರಡು ನಿಮಿಷ ಆರಿಸುವುದರಲ್ಲೇ ಹೋಗುತ್ತದೆ.

20 ನಿಮಿಷದ ವಿಭಾಗದಲ್ಲಿ ಹೀಗೆ ಇಡುವುದು ನಾಲ್ಕೈದು ದಾಟಬಾರದು. ಸಮಯ ಮುಗಿದ ತಕ್ಷಣ ವಿಭಾಗ ಮುಚ್ಚಿ ಮುಂದಿನದು ತೆರೆಯುತ್ತದೆ, ಇಟ್ಟ ಗುರುತಿಗೆ ಆಮೇಲೆ ಹೋಗಲು ಬರುವುದಿಲ್ಲ.

ಬಿವಿಬಿ_ರಸ್ತೆ

ನಾನು ಗೇಟ್ ಬರೆಯುವವನು. ನಮಗೆ 3 ತಾಸು, 65 ಪ್ರಶ್ನೆ, ಗುರುತಿಟ್ಟದ್ದಕ್ಕೆ ಕೊನೆಯವರೆಗೂ ಹೋಗಬಹುದು. ಹತ್ತು ಹನ್ನೆರಡು ಗುರುತಿದ್ದರೂ ತೊಂದರೆ ಅನ್ನಿಸಿಲ್ಲ. ನಾಲ್ಕೈದು ಅನ್ನುವುದು ಬಹಳ ಬಿಗಿ ಆಯಿತು. ನಮ್ಮ ತೊಂದರೆಯೇ ಬೇರೆ, ಪರದೆ ಮೇಲಿನ ಕ್ಯಾಲ್ಕುಲೇಟರ್ ಪ್ರಶ್ನೆಯ ಮೇಲೆಯೇ ಬಂದು ಕೂರುತ್ತದೆ, ಎಳೆದು ಪಕ್ಕಕ್ಕೆ ಇಟ್ಟುಕೊಳ್ಳಬೇಕು.

ಅಕ್ಕ_ಹಾವೇರಿ

ನಿಮಗೆ ಅದು ಸರಿ, ತಮ್ಮಾ. ಮೂರು ತಾಸಿನ ಪರೀಕ್ಷೆಯಲ್ಲಿ ಎರಡನೇ ಸುತ್ತಿಗೆ ಅರ್ಧ ತಾಸು ಇಟ್ಟುಕೊಳ್ಳಬಹುದು. ಇಲ್ಲಿ ಒಂದು ಪ್ರಶ್ನೆಗೆ ಸರಾಸರಿ 34 ಸೆಕೆಂಡು, ಎರಡನೇ ಸುತ್ತಿಗೆ ಉಳಿಯುವುದು ಮೂರು ನಿಮಿಷ. ಮೂರು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಉದ್ದದ ಲೆಕ್ಕ ಆಗುವುದಿಲ್ಲ.

ಲ್ಯಾಬ್_ಕಾಕಾ (ಹುಬ್ಬಳ್ಳಿ)

ಕೋಷ್ಟಕದ ಗುಂಪಿನ ಬಗ್ಗೆ ಯಾರೂ ಹೇಳಲಿಲ್ಲ. ಆರೂವರೆ ನಿಮಿಷ ಹೋಗೇದ, ಅಂದ್ರ 20 ನಿಮಿಷದ ಮೂರನೇ ಒಂದು ಪಾಲು ಐದು ಪ್ರಶ್ನೆಗೆ. ಸಪ್ತಾಪುರದವರ, ಆ ತಪ್ಪಾದ ಎರಡು ಪ್ರಶ್ನಿ ಒಟ್ಟು ಮೊತ್ತ ಕೇಳಿದ್ದವು ಏನು ನೋಡ್ರಿ.

ಸಪ್ತಾಪುರ_ಓದು

ಹೌದು ಕಾಕಾ, ಎರಡೂ ಒಟ್ಟು ಮೊತ್ತದ ಮೇಲಿನವು! ಹೇಗೆ ಗೊತ್ತಾಯಿತು?

ಲ್ಯಾಬ್_ಕಾಕಾ

ಪರದೆ ಎಡಕ್ಕ ಕೋಷ್ಟಕ, ಬಲಕ್ಕ ಪ್ರಶ್ನಿ ಇರ್ತದ. ಎರಡಕ್ಕೂ ಬ್ಯಾರೆ ಬ್ಯಾರೆ ಸ್ಕ್ರಾಲ್ ಪಟ್ಟಿ. ಕನ್ನಡದಾಗ ಮ್ಯಾಲಿನ ವಿವರಣಿ ಇಂಗ್ಲಿಷ್‌ಗಿಂತ ಒಂದೆರಡು ಸಾಲು ಹೆಚ್ಚ ಹಿಡಿತದ, ಅಷ್ಟಕ್ಕ ಕೋಷ್ಟಕ ಕೆಳಗ ಸರಿದು ಕಡೀ ಸಾಲು ಕಾಣದಂಗ ಆಗ್ತದ. ಕಾಗದದಾಗ ಇಡೀ ಕೋಷ್ಟಕ ಒಂದೇ ನೋಟಕ್ಕ ಸಿಗ್ತದ, ಹಂಗಾಗಿ ಕೆಳಗ ಇನ್ನೊಂದು ಸಾಲು ಐತೇನು ಅಂತ ಕೇಳಿಕೊಳ್ಳೋ ರೂಢಿ ನಮಗ ಇಲ್ಲ.

ಒಂದು ಉದಾಹರಣಿ ಹಾಕ್ತೇನಿ. ಐದು ಮಾರುಕಟ್ಟಿಗೆ ಬಂದ ಮೆಣಸಿನಕಾಯಿ ಚೀಲ ಅಂತ ಇಟ್ಕೊಳ್ರಿ: ಗದಗ 240, ಹಾವೇರಿ 360, ಧಾರವಾಡ 180, ಹುಬ್ಬಳ್ಳಿ 420, ರಾಣೆಬೆನ್ನೂರು 300. ಪ್ರಶ್ನಿ: ಹುಬ್ಬಳ್ಳಿದು ಒಟ್ಟು ಚೀಲದಾಗ ಶೇಕಡಾ ಎಷ್ಟು? ಐದೂ ಕೂಡಿದ್ರ 1500, ಉತ್ತರ 28. ರಾಣೆಬೆನ್ನೂರು ಪರದೆ ಕೆಳಗ ಉಳಿದಿತ್ತಂದ್ರ ಒಟ್ಟು 1200, ಉತ್ತರ 35. ಎರಡೂ ಚೊಕ್ಕ ಸಂಖ್ಯೆ ಬಂದು ಕುಂತಾವ. ಆಯ್ಕೆ ಒಳಗ 35 ಇದ್ದರ ನಿಮಗ ಸಂಶಯನ ಬರೂದಿಲ್ಲ, ಭಾಳ ಧೈರ್ಯದಿಂದ ಉಳಿಸಿ ಮುಂದ ಹೋಗ್ತೀರಿ.

ಉಪಾಯ ಸಣ್ಣದು. ಗುಂಪು ತೆರೆದ ಕೂಡಲೆ, ಓದೂಕಿನ ಮೊದಲು, ಎಡಗಡೆಯ ಪಟ್ಟಿಯನ್ನ ತಳದ ತನಕ ಒಮ್ಮೆ ಎಳೆದು ವಾಪಸ್ ತರ್ರಿ. ಎರಡು ಸೆಕೆಂಡಿನ ಕೆಲಸ. ಎಷ್ಟು ಸಾಲು ಅದಾವ, ಕೆಳಗ ಏನರ ಟಿಪ್ಪಣಿ ಐತೇನು, ಎರಡೂ ಗೊತ್ತಾಗ್ತದ. ಮೌಸಿನ ಗಾಲಿ ಮ್ಯಾಲ ಪೂರ್ತಿ ಭರವಸೆ ಬ್ಯಾಡ. ಬಾಣ ಯಾವ ಭಾಗದ ಮ್ಯಾಲ ಐತಿ ಆ ಭಾಗ ಸರಿತದ. ಬಾಣ ಬಲಕ್ಕ ಇಟ್ಟು ಗಾಲಿ ತಿರುಗಿಸಿ "ಕೋಷ್ಟಕ ಸರಿಯವಲ್ದು, ಅಂದ್ರ ಮುಗೀತು" ಅಂತ ತಿಳಿಯೋ ಮಂದಿ ಭಾಳ. ಕೇಂದ್ರದಾಗ ಗಾಲಿ ಬಿಗಿ ಇರೋ ಮೌಸೂ ಸಿಗಬಹುದು, ಪಟ್ಟಿ ಹಿಡಿದು ಎಳೆಯೋ ರೂಢಿ ಇರಲಿ.

ಗೋಕುಲರಸ್ತೆ

ಕಾಕಾ ಹೇಳಿದ್ದು ನಿಜ. ಇದಕ್ಕೆ ಸೇರಿಸುವುದು ಒಂದೇ. ಐದೇ ಸಂಖ್ಯೆ ಇದ್ದರೆ ಮೊದಲ ಅಕ್ಷರದ ಜೊತೆ ರಫ್ ಹಾಳೆಗೆ ಇಳಿಸಿಕೊಳ್ಳಿ: ಗ 240, ಹಾ 360, ಧಾ 180, ಹು 420, ರಾ 300, ಪಕ್ಕದಲ್ಲೇ ಒಟ್ಟು 1500. ಹದಿನೈದು ಸೆಕೆಂಡು ಹಿಡಿಯುತ್ತದೆ. ಆಮೇಲೆ ಐದೂ ಪ್ರಶ್ನೆಗೆ ಎಡಗಡೆ ನೋಡುವುದೇ ಬೇಡ. ಇಲ್ಲದಿದ್ದರೆ ಪ್ರತಿ ಪ್ರಶ್ನೆಗೂ ಮೇಲೆ ಕೆಳಗೆ ಎರಡು ಸಲವಾದರೂ ಎಳೆಯಬೇಕು, ಪ್ರತಿ ಸಲ ಕಣ್ಣು ಮತ್ತೆ ಸಾಲು ಹುಡುಕಬೇಕು. ಆ ಆರೂವರೆ ನಿಮಿಷದಲ್ಲಿ ಇದರ ಪಾಲು ದೊಡ್ಡದು.

ಅಕ್ಕ_ಹಾವೇರಿ

ಇದನ್ನು ನಾನು ಒಪ್ಪುವುದಿಲ್ಲ. ಇಳಿಸಿಕೊಳ್ಳುವಾಗ 360 ಹೋಗಿ 630 ಆದರೆ ಐದೂ ಪ್ರಶ್ನೆ ಒಟ್ಟಿಗೆ ಮುಳುಗುತ್ತವೆ. ಪರದೆಯಿಂದ ಹಾಳೆಗೆ, ಹಾಳೆಯಿಂದ ಪರದೆಗೆ ಕಣ್ಣು ಓಡಾಡುವಾಗಲೇ ಅಂಕಿ ತಿರುಗುವುದು. ನಾನು ಒಟ್ಟು ಮೊತ್ತ ಒಂದನ್ನೇ ಬರೆದಿಟ್ಟುಕೊಳ್ಳಲು ಹೇಳುತ್ತೇನೆ.

ಗೋಕುಲರಸ್ತೆ

ನಾಲ್ಕು ಕಂಬ ಐದು ಸಾಲಿನ ಕೋಷ್ಟಕವಾದರೆ ನಿಮ್ಮ ಮಾತೇ ಸರಿ, ಇಪ್ಪತ್ತು ಸಂಖ್ಯೆ ಯಾರೂ ಇಳಿಸಬಾರದು. ಒಂದೇ ಕಂಬವಿದ್ದಾಗ ನನಗೆ ಇಳಿಸುವುದೇ ಮೇಲು ಅನ್ನಿಸುತ್ತದೆ. ಸಪ್ತಾಪುರದವರು ಎರಡೂ ರೀತಿಯಲ್ಲಿ ಐದೈದು ಗುಂಪು ಮಾಡಿ, ಸಮಯ ಮತ್ತು ತಪ್ಪು ಬರೆದಿಟ್ಟು ನೋಡಲಿ.

ನರಗುಂದ_ನೋಟ್ಸ್

ಟೈಮರ್ ಬಗ್ಗೆ ಕೇಳಬೇಕಿತ್ತು. ಬಲಗಡೆ ಮ್ಯಾಲ ಸೆಕೆಂಡ್ ಇಳಿಯೋದ ನೋಡಿದ್ರ ನಂಗ ಎದಿ ಹೊಡಕೊಳ್ಳಾಕ ಹತ್ತತೈತಿ. ಪ್ರತಿ ಪ್ರಶ್ನಿಗೂ ನೋಡ್ತೇನಿ. ನೋಡದಿದ್ರ ಯಾವುದರ ಒಂದರಾಗ ಸಿಕ್ಕೊಂಡು ಎರಡು ನಿಮಿಷ ಹೋಗಿರ್ತಾವ.

ಅಕ್ಕ_ಹಾವೇರಿ

ಪ್ರತಿ ಪ್ರಶ್ನೆಗೆ ನೋಡಿದರೆ 35 ಸಲ ಗಮನ ಒಡೆಯುತ್ತದೆ. ಮೊದಲೇ ಮೂರು ಗುರುತು ನಿಗದಿ ಮಾಡಿಕೊಳ್ಳಿ: 14:00, 8:00, 3:00. ಟೈಮರ್ ಉಳಿದ ಸಮಯ ತೋರಿಸುತ್ತದೆ, ಕಳೆದ ಸಮಯ ಅಲ್ಲ. ಗೋಡೆ ಗಡಿಯಾರದಲ್ಲಿ ಅಭ್ಯಾಸ ಮಾಡಿದವರು ಇಲ್ಲಿ ಪ್ರತಿ ಸಲ ಮನಸ್ಸಿನಲ್ಲಿ ಕಳೆಯುವ ಲೆಕ್ಕ ಮಾಡುತ್ತಾರೆ. ಮನೆಯಲ್ಲಿ ಕಾಗದದ ಮೇಲೆ ಮಾಡುವಾಗಲೂ ಮೊಬೈಲ್‌ನಲ್ಲಿ 20:00ರಿಂದ ಇಳಿಯುವ ಟೈಮರ್ ಇಟ್ಟುಕೊಳ್ಳಿ.

14:00 ಅಂದರೆ ಆರು ನಿಮಿಷ ಆಗಿದೆ. ಸರಳೀಕರಣ, ಸಂಖ್ಯಾ ಸರಣಿಯಂಥ ಚಿಕ್ಕವು ಮುಗಿದು ಹನ್ನೆರಡು ಹದಿಮೂರು ಉಳಿಸಿರಬೇಕು. 8:00ಕ್ಕೆ ಕೋಷ್ಟಕದ ಗುಂಪಿನಿಂದ ಹೊರಗಿರಬೇಕು, ಒಂದು ಪ್ರಶ್ನೆ ಉಳಿದಿದ್ದರೂ ಸರಿ. 3:00ಕ್ಕೆ ಹೊಸ ಉದ್ದದ ಪ್ರಶ್ನೆ ನಿಲ್ಲಿಸಿ ನೇರಳೆಗೆ ಹೋಗಬೇಕು. ಈ ಸಂಖ್ಯೆಗಳು ಸಪ್ತಾಪುರದವರ ಮಟ್ಟಕ್ಕೆ ಹೇಳಿದ್ದು. ಕಾಗದದಲ್ಲಿ 18 ಮಾಡುವವರು ಮೊದಲ ಗುರುತಿಗೆ ಎಂಟೊಂಬತ್ತು ಇಟ್ಟುಕೊಳ್ಳಲಿ.

ನೀವು ಹೇಳಿದ ಸಿಕ್ಕಿಕೊಳ್ಳುವ ತೊಂದರೆಗೆ ಟೈಮರ್ ಔಷಧ ಅಲ್ಲ. ರಫ್ ಹಾಳೆಯಲ್ಲಿ ಮೂರನೇ ಸಾಲು ಬರೆಯುತ್ತಿದ್ದು ಇನ್ನೂ ಉತ್ತರ ಕಾಣದಿದ್ದರೆ ಬಿಡಿ. ಹಾಳೆಯೇ ನಿಮಗೆ ಗಡಿಯಾರ.

ಸವಣೂರು_ಸಂಜೆ

ನಮ್ಮಲ್ಲಿ ಕಂಪ್ಯೂಟರ್ ಇಲ್ಲ, ಮೊಬೈಲ್‌ನಲ್ಲೇ ಅಣಕು ಪರೀಕ್ಷೆ ಮಾಡುತ್ತೇನೆ. ಅದೂ ಪರದೆಯೇ ಅಲ್ಲವೇ? ನಡೆಯುತ್ತದೆಯೇ?

ಲ್ಯಾಬ್_ಕಾಕಾ

ಲೆಕ್ಕದ ವೇಗಕ್ಕ ನಡೀತದ, ಪರದೆಯ ರೂಢಿಗೆ ನಡೆಯಂಗಿಲ್ಲ. ಮೊಬೈಲ್‌ದಾಗ ಕೋಷ್ಟಕ ಮ್ಯಾಲ, ಪ್ರಶ್ನಿ ಕೆಳಗ, ಬೆರಳಿಂದ ಹಿಗ್ಗಿಸಿ ನೋಡ್ತೀರಿ. ಸಂಖ್ಯೆಗಳ ಪಟ್ಟಿ ಬ್ಯಾರೆ ಕಡೆ ಅಡಗಿರ್ತದ. ಕೆಲವು ಆಪ್‌ದಾಗ ಆಯ್ಕೆ ಮುಟ್ಟಿದ ಕೂಡಲೆ ಉತ್ತರ ಉಳಿದುಬಿಡ್ತದ, ಅದೇ ರೂಢಿ ಕೇಂದ್ರದಾಗ ಕೈ ಕೊಡ್ತದ. ಮ್ಯಾಲ ನಿಲ್ಲಿಸೋ ಗುಂಡಿ ಇರ್ತದ, ಅದನ್ನ ಒತ್ತಿ ಚಹಾ ಕುಡಿದು ಬಂದ ಅಂಕ ಅಂಕ ಅಲ್ಲ.

ದಿನಾ ಮೊಬೈಲ್‌ದಾಗ ಮಾಡ್ರಿ, ತಪ್ಪಿಲ್ಲ. ಪರೀಕ್ಷೆಗೆ ಮೂರು ವಾರ ಇರೋವಾಗ ಹಾವೇರಿಗೋ ಹುಬ್ಬಳ್ಳಿಗೋ ಬಂದಾಗ ಸೈಬರ್ ಸೆಂಟರ್‌ದಾಗ ಎರಡು ತಾಸು ಕೂಡ್ರಿ, ಇಂಥಾವು ನಾಲ್ಕು ಸಲ. ಮೊದಲ ಅರ್ಧ ತಾಸು ಮ್ಯಾಲೆ ಹೇಳಿದ ಗುಂಡಿಯ ಅಭ್ಯಾಸ ಮತ್ತ ಸ್ಕ್ರಾಲ್. ಆಮ್ಯಾಲ ಒಂದು ತಾಸಿನ ಪೂರ್ತಿ ಪತ್ರಿಕೆ, ನಡುವ ಏಳದಂಗ. ಉಳಿದ ಅರ್ಧ ತಾಸು ಯಾವ ಪ್ರಶ್ನಿಗೆ ಎಷ್ಟು ಸೆಕೆಂಡ್ ಹೋತು ಅನ್ನೋದನ್ನ ವಹಿಯೊಳಗ ಇಳಿಸ್ಕೊಳ್ರಿ. `F11` ಒತ್ತಿದ್ರ ಪರದೆ ತುಂಬ ಬರ್ತದ, ಬ್ರೌಸರ್‌ನ ಅಕ್ಷರ ಸಣ್ಣ ಮಾಡಬ್ಯಾಡ್ರಿ. ಸಣ್ಣ ಮಾಡಿದ್ರ ಕೋಷ್ಟಕ ಪೂರ್ತಿ ಕಾಣ್ತದ, ಸ್ಕ್ರಾಲ್ ಅಭ್ಯಾಸನ ಆಗೂದಿಲ್ಲ.

ಸವಣೂರು_ಸಂಜೆ

ಸರಿ ಕಾಕಾ. ಭಾಷೆ ಬದಲಿಸುವ ಗುಂಡಿ ಬಳಸಬೇಕೇ? ಕನ್ನಡದಲ್ಲಿ ಕೆಲವು ಪದ ತಿಳಿಯುವುದಿಲ್ಲ.

ಗೋಕುಲರಸ್ತೆ

ಪ್ರಶ್ನೆಯ ಮೇಲ್ಗಡೆ `View in` ಇರುತ್ತದೆ, ಬದಲಿಸಿದರೆ ಅದೇ ಪ್ರಶ್ನೆ ಇಂಗ್ಲಿಷ್‌ನಲ್ಲಿ ಬರುತ್ತದೆ. ಒಂದು ಪದಕ್ಕಾಗಿ ಬಳಸಿ, ಪ್ರತಿ ಪ್ರಶ್ನೆ ಎರಡು ಸಲ ಓದಲು ಬಳಸಬೇಡಿ. ಬದಲಿಸಿದಾಗ ಸಾಲುಗಳ ಜಾಗ ಸರಿಯುತ್ತದೆ, ನೀವು ನೋಡುತ್ತಿದ್ದ ಸಾಲು ಅಲ್ಲಿರುವುದಿಲ್ಲ. ಚಕ್ರಬಡ್ಡಿ, ಸರಾಸರಿ, ಅನುಪಾತ, ನಷ್ಟ ಇಂಥ ಮೂವತ್ತು ನಲವತ್ತು ಪದಗಳನ್ನು ಎರಡೂ ಭಾಷೆಯಲ್ಲಿ ಮನೆಯಲ್ಲೇ ಗಟ್ಟಿ ಮಾಡಿಕೊಂಡರೆ ಆ ಗುಂಡಿಯ ಕಡೆ ಹೋಗುವ ಅಗತ್ಯ ಕಡಿಮೆ.

ಸಪ್ತಾಪುರ_ಓದು

ಹತ್ತು ದಿನ ಆಯಿತು. ಗುಂಡಿಯ ಅಭ್ಯಾಸ ನಾಲ್ಕು ದಿನ ಮಾಡಿದೆ. ನಿನ್ನೆಯ ಪತ್ರಿಕೆಯಲ್ಲಿ ಗುರುತು ಹಾಕಿದ್ದು 25, `Answered` 22, ಚುಕ್ಕೆ ಸಮೇತ ರಿವ್ಯೂ 3. ಲೆಕ್ಕ ತಾಳೆಯಾಯಿತು. 20 ಸರಿ.

ಕೋಷ್ಟಕದ ಗುಂಪು ಎರಡೂ ರೀತಿ ಐದೈದು ಮಾಡಿದೆ. ಐದೂ ಸಂಖ್ಯೆ ಇಳಿಸಿಕೊಂಡಾಗ ಸರಾಸರಿ 4 ನಿಮಿಷ 40 ಸೆಕೆಂಡು. ಒಟ್ಟು ಮಾತ್ರ ಬರೆದುಕೊಂಡಾಗ 5 ನಿಮಿಷ 10. ಆದರೆ ಇಳಿಸಿಕೊಂಡ ಐದರಲ್ಲಿ ಒಂದು ಗುಂಪಿನಲ್ಲಿ 180ನ್ನು 810 ಅಂತ ಬರೆದು ಮೂರು ಪ್ರಶ್ನೆ ತಪ್ಪಿದವು.

ಅಕ್ಕ_ಹಾವೇರಿ

ನೋಡಿದಿರಾ, ಅದೇ ನಾನು ಹೇಳಿದ್ದು.

ಗೋಕುಲರಸ್ತೆ

ಅಕ್ಕಾ, ಐದರಲ್ಲಿ ಒಂದು ಅಂದರೆ ಇನ್ನೂ ಕೈ ಕೂತಿಲ್ಲ ಅಂತಲೂ ಆಗಬಹುದು. ಇಳಿಸಿದ ಮೇಲೆ ಪರದೆ ನೋಡಿ ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೆ ಓದಿ ತಾಳೆ ನೋಡಿದರೆ ಐದು ಸೆಕೆಂಡು ಹೆಚ್ಚು ಹೋಗುತ್ತದೆ, ಆಗಲೂ 4:45. ಸಪ್ತಾಪುರದವರು ಇನ್ನು ಹತ್ತು ಗುಂಪು ಹಾಗೆ ಮಾಡಿ ಬರೆಯಲಿ. ಮತ್ತೆ 810 ಆದರೆ ನಿಮ್ಮ ರೀತಿಗೇ ಬರಲಿ.

ಸಪ್ತಾಪುರ_ಓದು

ಆಯಿತು ಸರ್, ಭಾನುವಾರದವರೆಗೆ ಹತ್ತು ಗುಂಪು ಮುಗಿಸಿ ಇಲ್ಲೇ ಹಾಕುತ್ತೇನೆ. ಉಳಿಸದೆ ಉತ್ತರ ಬದಲಿಸಿದ್ದು ಹಸಿರೇ ಉಳಿಯುತ್ತದೆ ಅಂದಿರಲ್ಲ, ಅದನ್ನೂ ಪರೀಕ್ಷಿಸಿ ನೋಡಿದೆ. ಹಸಿರೇ ಇತ್ತು, ಒಳಗೆ ಹಳೆಯ ಉತ್ತರವೇ ಇತ್ತು.